ಇನ್ನೊಂದು ಸಲ ಹೇಳಿ, ಮಿಸ್

ಇದನ್ನು ಬರೆಯಬೇಕೆಂದು ಹಿಂದೆಯೂ ಕೂತಿದ್ದೇನೆ, ಬರೆಯದೆ ಎದ್ದು ಹೋಗಿದ್ದೇನೆ. ಒಂದು ಸಲ ಕರೆಂಟಿಲ್ಲ ಅಂದುಕೊಂಡೆ. ಇನ್ನೊಂದು ಸಲ ಕನ್ನಡಕದ ಪವರ್ ಸಾಲದು ಅಂದುಕೊಂಡೆ. ಕಣ್ಣಿನ ಆಪರೇಷನ್ ಆದಮೇಲೆ ಆ ನೆಪವೂ ಹೋಯಿತು. ಮುಂದೆ ಹಾಕಿಕೊಂಡು ಬಂದದ್ದು ನಾನೇ. ಒಬ್ಬ ಹೆಣ್ಣುಮಗಳ ಕೆಲಸ ಕಳೆದೆ. ಕಳೆಯುವುದಕ್ಕೆ ಕೊಟ್ಟ ಕಾರಣ ಸುಳ್ಳು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯಲು ಧೈರ್ಯ ಬರಬಹುದು.

ನಮ್ಮೂರು ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟ ಕಾಣುವಷ್ಟು ದೂರದಲ್ಲಿದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿ ಬಹಳ ವರ್ಷ ಇದ್ದೆ. ಬೆಳಗ್ಗೆ ಸಂಜೆ ಹಾಲು ಅಳೆದು, ಲ್ಯಾಕ್ಟೋಮೀಟರಿನ ಗಾಜಿನ ಕೊಳವೆ ಇಳಿಬಿಟ್ಟು ಡಿಗ್ರಿ ನೋಡಿ, ಇವರ ಹಾಲಿಗೆ ನೀರು ಬಿದ್ದಿದೆ, ಇವರದು ಚೆನ್ನಾಗಿದೆ ಎಂದು ಹೇಳುವವನು ನಾನು. ಊರವರು ನನ್ನ ಮಾತನ್ನು ತೆಗೆದುಹಾಕುತ್ತಿರಲಿಲ್ಲ. ಆ ರೂಢಿ ಮನುಷ್ಯನನ್ನು ಕೆಡಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಕೊರೊನಾ ಬರುವುದಕ್ಕೆ ಎರಡು ವರ್ಷ ಮುಂಚೆ ನನ್ನ ಮೊಮ್ಮಗಳು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಅವಳ ಅಪ್ಪ ಪ್ರೈವೇಟ್ ಬಸ್ಸಿನ ಡ್ರೈವರು, ಬೆಳಗಾಗುವ ಮುಂಚೆ ಹೊರಟರೆ ಕತ್ತಲಾದ ಮೇಲೆ ಬರುವವನು. ಹಾಗಾಗಿ ಶಾಲೆಯ ದಾಖಲೆಯಲ್ಲಿ ಅವಳ ಪೋಷಕ ನಾನು. ಪೋಷಕರ ಸಭೆಯಲ್ಲಿ ಶಾಲಾಭಿವೃದ್ಧಿ ಸಮಿತಿಗೆ ನನ್ನನ್ನೇ ಅಧ್ಯಕ್ಷ ಮಾಡಿದರು.

ಆ ವರ್ಷ ಶಾಲೆಗೆ ಇಂಗ್ಲಿಷ್ ಕಲಿಸಲು ಒಬ್ಬ ಅತಿಥಿ ಶಿಕ್ಷಕಿ ಬಂದರು. ಅತಿಥಿ ಶಿಕ್ಷಕರೆಂದರೆ ಒಂದು ವರ್ಷದ ಮಟ್ಟಿಗೆ ತೆಗೆದುಕೊಳ್ಳುವವರು. ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ಜೂನ್‌ನಲ್ಲಿ ಮತ್ತೆ ಬೇಕೋ ಬೇಡವೋ ಎನ್ನುವುದರಲ್ಲಿ ಹೆಡ್‌ಮೇಷ್ಟ್ರ ಜೊತೆ ಸಮಿತಿಯ ಮಾತೂ ನಡೆಯುತ್ತದೆ. ಆಕೆಯ ತವರು ಗುಬ್ಬಿ ಕಡೆಯ ಕಡಬ, ಕೊಟ್ಟ ಮನೆ ಕುಣಿಗಲ್. ದಿನಾ ಬೆಳಗಿನ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದರು. ಹೆಡ್‌ಮೇಷ್ಟ್ರು ಒಮ್ಮೆ ನನ್ನ ಹತ್ತಿರ ಹೇಳಿದ್ದರು: "ಪಾಪ, ಟಿಇಟಿಗೆ, ಅದೇ ಟೀಚರ್ ಪರೀಕ್ಷೆಗೆ ಓದ್ತಾ ಇದಾರೆ ಅಧ್ಯಕ್ಷರೇ. ಕೆಲಸಕ್ಕೆ ಹೋಗ್ತೀನಿ ಅಂತ ಇರೋದ್ರಿಂದ ಅತ್ತೆ ಮನೇಲಿ ಓದಕ್ಕೆ ಬಿಟ್ಟವ್ರೆ. ಇದೊಂದು ಇಲ್ಲ ಅಂದ್ರೆ ಪುಸ್ತಕ ಮುಟ್ಟಕ್ಕೂ ಬಿಡಲ್ವಂತೆ." ಈ ಮಾತು ನನ್ನ ಕಿವಿಗೆ ಬಿದ್ದಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮೊಮ್ಮಗಳು ಮೊದಲ ವಾರವೇ ಮನೆಗೆ ಬಂದು, "ತಾತ, ನಮ್ ಮಿಸ್ಸು ಪಾಠಾನೇ ಶುರು ಮಾಡಿಲ್ಲ" ಅಂದಳು.

"ಮತ್ತೇನ್ ಮಾಡ್ತಾರೆ?"

"ಪಾಠ ಗೊತ್ತಾಗ್ದಿದ್ರೆ ಹೆಂಗೆ ಕೇಳ್ಬೇಕು ಅಂತ ಹೇಳ್ಕೊಡ್ತವ್ರೆ."

ಬೋರ್ಡಿನ ಪಕ್ಕ ದೊಡ್ಡ ಚಾರ್ಟು ಅಂಟಿಸಿದ್ದರಂತೆ. ಅದರಲ್ಲಿ ಮೂರು ಮಾತು, ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಪ್ಲೀಸ್ ಸೇ ಇಟ್ ಅಗೇನ್, ಮಿಸ್. ಇನ್ನೊಂದು ಸಲ ಹೇಳಿ, ಮಿಸ್. ಪ್ಲೀಸ್ ಗೋ ಸ್ಲೋಲಿ, ಮಿಸ್. ನಿಧಾನವಾಗಿ ಹೇಳಿ, ಮಿಸ್. ವಾಟ್ ಡಸ್ ದಟ್ ವರ್ಡ್ ಮೀನ್, ಮಿಸ್. ಆ ಪದ ಅಂದರೆ ಏನು, ಮಿಸ್. ಇಂಗ್ಲಿಷಿನಲ್ಲಿ ಬಾರದಿದ್ದರೆ ಕನ್ನಡದಲ್ಲೇ ಕೇಳಬಹುದು, ಆದರೆ ಸುಮ್ಮನೆ ಇರಬಾರದು. "ಅರ್ಥ ಆಗ್ಲಿಲ್ಲ" ಎಂದಷ್ಟೇ ಹೇಳಿದರೆ ಸಾಲದು, ಎಲ್ಲಿವರೆಗೆ ಗೊತ್ತಾಯಿತು, ಎಲ್ಲಿಂದ ಕೈ ತಪ್ಪಿತು ಎಂದು ಹೇಳಬೇಕು. ಮೊಮ್ಮಗಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಆ ಮೂರನ್ನೂ ರಾಗ ಮಾಡಿ ಹೇಳಿಕೊಳ್ಳುತ್ತಿದ್ದಳು. ಅವರಜ್ಜಿ "ಒಲೆ ಉರಿ ಸಣ್ಣ ಮಾಡೇ" ಅಂದರೆ "ಪ್ಲೀಸ್ ಸೇ ಇಟ್ ಅಗೇನ್, ಅಜ್ಜೀ" ಅನ್ನುವಳು. ಅಜ್ಜಿ "ಸೌದೆ ತಗೊಂಡ್ ಬಂದೆ ಅಂದ್ರೆ ಎಲ್ಲಾ ಗೊತ್ತಾಗುತ್ತೆ ನಿಂಗೆ" ಅನ್ನುವಳು. ಮನೆಯಲ್ಲಿ ನಗು.

ನಾನು ನಗಲಿಲ್ಲ. ಅದಕ್ಕೆ ಕಾರಣ ನನ್ನ ಶಾಲೆಯ ಕಾಲದ್ದು.

ನಮ್ಮ ಕಾಲದಲ್ಲಿ ಮೇಷ್ಟ್ರು ಪಾಠ ಮುಗಿಸಿ "ತಿಳೀತೇನ್ರಲಾ?" ಅನ್ನುವರು. ಇಡೀ ಕ್ಲಾಸು ಒಂದೇ ಉಸಿರಿಗೆ "ತಿಳೀತು ಸಾ" ಅನ್ನುವುದು. ಅದು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ಗಂಟೆ ಹೊಡೆದ ಹಾಗೆ ಅಷ್ಟೆ. ಎಂಟನೇ ಕ್ಲಾಸಿನಲ್ಲಿ ಒಂದು ದಿನ ನಾನು ಎದ್ದು ನಿಂತು, "ಸಾ, ಇನ್ನೊಂದ್ ಸಲ ಹೇಳಿ" ಅಂದುಬಿಟ್ಟೆ. ಮೇಷ್ಟ್ರು ಹೊಡೆಯಲಿಲ್ಲ. "ಯಾಕ್ಲಾ, ಕಿವಿ ಎಮ್ಮೆ ಮೇಯ್ಸಕ್ಕೆ ಹೋಗಿತ್ತಾ?" ಅಂದರು. ಹುಡುಗರು ನಕ್ಕರು. ಆಮೇಲೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ "ಎಮ್ಮೆ ಕಿವಿ" ಎನ್ನುವುದೇ ನನ್ನ ಹೆಸರಾಯಿತು. ಅವತ್ತಿನಿಂದ ಶಾಲೆಯಲ್ಲಾಗಲಿ, ಆಫೀಸಿನಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ಯಾರನ್ನೂ ಇನ್ನೊಂದು ಸಲ ಹೇಳಿ ಎಂದು ಕೇಳಿಲ್ಲ. ತಲೆ ಆಡಿಸುತ್ತೇನೆ. ತಲೆ ಆಡಿಸಿಯೇ ಬದುಕು ಮಾಡಿದ್ದೇನೆ.

ಸಂಕ್ರಾಂತಿ ಆದಮೇಲೆ ಒಂದು ದಿನ ಅಧ್ಯಕ್ಷ ಅನ್ನುವ ಗತ್ತಿನಲ್ಲಿ ಶಾಲೆಗೆ ಹೋಗಿ ಆರನೇ ಕ್ಲಾಸಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತೆ. ಮಿಸ್ಸು ಪುಸ್ತಕ ಹಿಡಿದು ಇಂಗ್ಲಿಷ್ ಪಾಠ ಓದಿದರು. ಏನು ವೇಗ ಅಂತೀರಿ! ಕಂಡಕ್ಟರು ಸ್ಟಾಪುಗಳ ಹೆಸರು ಕೂಗಿದ ಹಾಗೆ. ಎರಡು ಸಾಲು ಆಗಿರಲಿಲ್ಲ, ಮುಂದಿನ ಸಾಲಿನ ಹುಡುಗನ ಕೈ ಮೇಲೆದ್ದಿತು. "ಪ್ಲೀಸ್ ಗೋ ಸ್ಲೋಲಿ, ಮಿಸ್." ಅವರು ನಿಂತರು. ಹಿಂದಕ್ಕೆ ಹೋಗಿ, ಒಂದೊಂದೇ ಪದ ಇಟ್ಟ ಹಾಗೆ ನಿಧಾನವಾಗಿ ಓದಿದರು. ಮತ್ತೆ ವೇಗ. ಮತ್ತೆ ಕೈ. "ಹಾರ್ವೆಸ್ಟ್ ಅಂದ್ರೆ ಏನು, ಮಿಸ್?" ಅವರು ಕನ್ನಡ ಪದ ಹೇಳಿಕೊಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ, ಎಡಗೈಯಲ್ಲಿ ಪೈರು ಹಿಡಿದ ಹಾಗೆ, ಬಲಗೈಯಲ್ಲಿ ಕುಡುಗೋಲು ಎಳೆದ ಹಾಗೆ ಮಾಡಿದರು. "ರಾಗಿ ಕೊಯ್ಯೋದು!" ಎಂದು ಮಕ್ಕಳೇ ಕೂಗಿದವು. "ರಾಗಿ ಮಾತ್ರಾನಾ?" "ಭತ್ತಾನೂ, ಮಿಸ್! ಹುರುಳಿನೂ!" "ಹಾಗಾದ್ರೆ ಎಲ್ಲಕ್ಕೂ ಸೇರಿ ಒಂದ್ ಮಾತು ಹೇಳಿ." "ಕೊಯ್ಲು!" ಒಬ್ಬಳು ಎದ್ದು, "ಮಿಸ್, ಕೊಯ್ಲುವರೆಗೂ ಗೊತ್ತಾಯ್ತು, ಅದ್ರ ಮುಂದಿನ ಸಾಲು ಗೊತ್ತಾಗ್ಲಿಲ್ಲ" ಅಂದಳು. "ಶಭಾಷ್, ಎಲ್ಲಿ ತಪ್ತು ಅಂತ ಸರಿಯಾಗಿ ಹೇಳ್ದೆ" ಎಂದು ಮಿಸ್ಸು ಆ ಸಾಲನ್ನು ಮತ್ತೆ ಓದಿದರು. ಆ ಪೀರಿಯಡ್ಡು ಹೀಗೇ ಕಳೆಯಿತು. ಪಾಠ ಒಂದು ಪುಟ ದಾಟಲಿಲ್ಲ.

ನನಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯದಾಗ ನನ್ನ ಮುಖ ಹೇಗಾಗುತ್ತದೆಯೋ, ಮಿಸ್ಸಿನ ಕಣ್ಣಿಗೆ ಅದು ಬಿತ್ತು. "ಯಜಮಾನ್ರೆ, ನೀವೂ ಕೇಳ್ಬೋದು. ಈ ರೂಮಲ್ಲಿ ಕೇಳಿದೋರ್ನ ನೋಡಿ ಯಾರೂ ನಗಲ್ಲ" ಅಂದರು.

"ನನಗೆಲ್ಲಾ ಗೊತ್ತಾಯ್ತು" ಅಂದೆ.

ಮೊಮ್ಮಗಳು ಎದ್ದು ನಿಂತಳು. "ಮಿಸ್, ನಮ್ ತಾತಂಗೆ ಇಂಗ್ಲಿಷ್ ಬರಲ್ಲ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸಹಾಯ ಮಾಡಲು ಹೇಳಿದ್ದು. ಆದರೂ ಕ್ಲಾಸು ಘೊಳ್ಳೆಂದಿತು. "ತಾತ, ಕೈ ಎತ್ತಿ!" ಎಂದು ಯಾರೋ ಕೂಗಿದರು. ಮಿಸ್ಸು ಗದರಿದರು: "ನಗಬಾರ್ದು. ಗೊತ್ತಿಲ್ದೇ ಇರೋದು ತಪ್ಪಲ್ಲ ಅಂತ ಎಷ್ಟ್ ಸಲ ಹೇಳಿಲ್ಲ ನಾನು?" ಮಕ್ಕಳ ನಗುವಿಗಿಂತ ಆ ಮಾತು ನನಗೆ ಹೆಚ್ಚು ಚುಚ್ಚಿತು. ಮಗಳ ವಯಸ್ಸಿನವರು ನನ್ನ ಪರವಾಗಿ ನಿಂತರಲ್ಲ, ಎಲ್ಲರ ಎದುರಿಗೆ.

ಹಳ್ಳಿಯಲ್ಲಿ ಮಕ್ಕಳು ನೋಡಿದ್ದು ಹಾಲಿಗಿಂತ ಬೇಗ ಊರು ಸುತ್ತುತ್ತದೆ. ಮಾರನೇ ದಿನ ಟೀ ಅಂಗಡಿಯ ಮುಂದೆ ನನ್ನ ಜೊತೆಯವನೊಬ್ಬ, "ಏನಪ್ಪಾ ಅಧ್ಯಕ್ಷ, ಆರನೇ ಕ್ಲಾಸ್ಗೆ ಅಡ್ಮಿಷನ್ ಆಯ್ತಂತೆ?" ಅಂದ. ಅಂಗಡಿಯವನು "ಟೀಗೆ ಸಕ್ರೆ ಎಷ್ಟು?" ಅಂದರೆ ಇನ್ನೊಬ್ಬ "ಪ್ಲೀಸ್ ಸೇ ಇಟ್ ಅಗೇನ್" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಹಳೆಯ ಎಮ್ಮೆ ಕಿವಿ ಮತ್ತೆ ಮೊಳೆತದ್ದು ನನಗೆ ಗೊತ್ತಾಯಿತು.

ಜೂನ್ ಬಂತು, ಸಮಿತಿ ಸೇರಿತು. ಅತಿಥಿ ಶಿಕ್ಷಕರ ಮಾತು ಬಂದಾಗ ಹೆಡ್‌ಮೇಷ್ಟ್ರು, "ಇಂಗ್ಲಿಷ್‌ಗೆ ಅವರನ್ನೇ ಮುಂದುವರಿಸೋಣ ಅಧ್ಯಕ್ಷರೇ. ಮಕ್ಕಳು ಬಾಯಿ ಬಿಡ್ತಾ ಇದಾವೆ" ಅಂದರು.

ನಾನು ಅಂದೆ: "ಬಾಯಿ ಬಿಡ್ತಾವೆ, ಯಾಕೆ? ಪಾಠ ನೆಟ್ಟಗಿದ್ರೆ ಮಕ್ಕಳು ಯಾಕೆ ಪದೇ ಪದೇ ಇನ್ನೊಂದ್ ಸಲ ಹೇಳಿ ಅಂತಾವೆ? ನಾನೇ ಕೂತು ನೋಡಿದೀನಿ. ಹಾಲು ಚೆನ್ನಾಗಿದ್ರೆ ಯಾರಾದ್ರೂ ಮತ್ತೆ ಮತ್ತೆ ಟೆಸ್ಟ್ ಮಾಡ್ತಾರಾ?"

ಹಾಲಿನ ಲೆಕ್ಕ ಎಲ್ಲರಿಗೂ ತಿಳಿಯುವಂಥದ್ದು. ತಲೆಗಳು ಆಡಿದವು. ಸಮಿತಿಯಲ್ಲಿದ್ದ ಒಬ್ಬ ತಾಯಿ ಮಾತ್ರ, "ಹಂಗಲ್ಲ ಕಣಣ್ಣ, ನಮ್ ಹುಡ್ಗ ಮದ್ಲು ಮಾತೇ ಆಡ್ತಿರ್ಲಿಲ್ಲ. ಈಗ ಅದೇನು ಇದೇನು ಅಂತ ಕೇಳ್ತಾನೆ" ಅಂದಳು. "ಮನೇಲಿ ಕೇಳೋದು ಬೇರೆ ಬುಡಮ್ಮ" ಎಂದು ಅವಳ ಮಾತು ಮುರಿದೆ. ಹೆಡ್‌ಮೇಷ್ಟ್ರು ರಿಜಿಸ್ಟರ್ ತಮ್ಮ ಕಡೆ ಎಳೆದುಕೊಂಡರು. ನಿವೃತ್ತಿಗೆ ಹತ್ತಿರವಿದ್ದವರು, ಊರ ಜೊತೆ ಜಗಳ ಬೇಡವಾಗಿತ್ತು. "ಅಧ್ಯಕ್ಷರು ಹೇಳಿದ ಮೇಲೆ ಇನ್ನೇನು" ಅಂದರು.

ಮಿಸ್ಸು ನನ್ನನ್ನು ಹುಡುಕಿಕೊಂಡು ಡೈರಿಗೇ ಬಂದರು. ಬೆಳಗಿನ ಹಾಲಿನ ಹೊತ್ತು. ಕ್ಯಾನು ಹಿಡಿದವರ ಸಾಲಿನ ಪಕ್ಕದಲ್ಲಿ ನಿಂತು ತಮ್ಮ ಸರದಿ ಬಂದ ಹಾಗೆ ಮುಂದೆ ಬಂದರು.

"ಯಜಮಾನ್ರೆ, ನನ್ನ ಪಾಠದಲ್ಲಿ ಏನ್ ತಪ್ಪು ಕಂಡ್ತು ಅಂತ ಹೇಳಿ. ತಿದ್ಕೋತೀನಿ."

"ನಂದೇನೂ ಇಲ್ಲಮ್ಮ. ಎಲ್ಲಾ ಮೇಲಿಂದ ಬಂದಿರೋದು" ಅಂದೆ.

"ಮೇಲಿಂದ ಅಂದ್ರೆ ಯಾರು?"

ನಾನು ಮುಂದಿನ ಕ್ಯಾನು ಎಳೆದುಕೊಂಡೆ.

"ಇನ್ನೊಂದ್ ಸಲ ಹೇಳ್ತೀರಾ? ನನಗೆ ಗೊತ್ತಾಗ್ಲಿಲ್ಲ."

ಕ್ಲಾಸಿನ ಮಕ್ಕಳಿಗೆ ಕಲಿಸಿದ ಅದೇ ಮಾತುಗಳು. ಅವರು ಅಣಕಕ್ಕೆ ಅನ್ನಲಿಲ್ಲ. ನಿಜಕ್ಕೂ ಕೇಳಿದರು, ಉತ್ತರ ಇರುತ್ತದೆ ಎಂದು ನಂಬಿ ಕೇಳಿದರು. ನಾನು ಹಾಲಿನಲ್ಲಿ ಕೊಳವೆ ಇಳಿಬಿಟ್ಟು ಡಿಗ್ರಿ ನೋಡುವವನ ಹಾಗೆ ಬಗ್ಗಿದೆ. ಕೊಳವೆ ಆಗಲೇ ನಿಂತಿತ್ತು, ಅಲುಗಾಡುತ್ತಲೂ ಇರಲಿಲ್ಲ. ನೋಡುತ್ತಲೇ ಇದ್ದೆ. ಸಾಲಿನಲ್ಲಿದ್ದ ಮುದುಕಿ "ಬೇಗ ಬೇಗ ನೋಡಪ್ಪ, ಬಿಸ್ಲಾಯ್ತು" ಅಂದಳು. ತಲೆ ಎತ್ತಿದಾಗ ಮಿಸ್ಸು ಬಸ್ ಸ್ಟಾಪಿನ ಕಡೆ ನಡೆದು ಹೋಗುತ್ತಿದ್ದರು.

ಅವರ ಜಾಗಕ್ಕೆ ಬಂದವರು ವರ್ಷ ಮುಗಿಯುವ ಮುಂಚೆಯೇ ಪುಸ್ತಕ ಮುಗಿಸಿದರು. ನಾನು ಮೆಚ್ಚಿಕೊಂಡೆ. ಒಂದು ದಿನ ಶಾಲೆಯ ಹತ್ತಿರ ಹೋಗುತ್ತಿದ್ದಾಗ ಕಿಟಕಿಯಿಂದ "ಅರ್ಥ ಆಯ್ತಾ?" "ಆಯ್ತೂ ಸಾರ್!" ಎಂದು ಕೇಳಿಸಿತು. ಎಷ್ಟೋ ವರ್ಷದ ಹಿಂದಿನ ನಮ್ಮ ಕ್ಲಾಸೇ ಅಲ್ಲಿ ಕೂತಿದೆಯೇನೋ ಅನ್ನಿಸಿತು. ಚಾರ್ಟು ಗೋಡೆಯಿಂದ ಹೋಗಿತ್ತು. ಮೊಮ್ಮಗಳು ಪಾತ್ರೆ ತೊಳೆಯುತ್ತಾ ರಾಗ ಎಳೆಯುವುದನ್ನೂ ಬಿಟ್ಟಳು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡೆ.

ಆಮೇಲೆ ಅವಳು ಕುಣಿಗಲ್‌ನಲ್ಲಿ ಹೈಸ್ಕೂಲು ಮುಗಿಸಿದಳು. ಒಳ್ಳೆಯ ಅಂಕ ಬಂತು. ತುಮಕೂರಿನ ಒಂದು ಕಾಲೇಜಿನಲ್ಲಿ ಪಿಯುಸಿಗೆ ಸೈನ್ಸ್ ತೆಗೆದುಕೊಂಡು ಹಾಸ್ಟೆಲ್ಲಿನಲ್ಲಿ ಉಳಿದಳು. ಹತ್ತನೆಯವರೆಗೂ ಕನ್ನಡದಲ್ಲಿ ಓದಿದವಳಿಗೆ ಅಲ್ಲಿ ಎಲ್ಲವೂ ಇಂಗ್ಲಿಷು. ಮೊದಲ ಸಲ ಮನೆಗೆ ಬಂದಾಗ ಚೀಲ ಮೂಲೆಗಿಟ್ಟು, "ತಾತ, ನಾನು ಸೈನ್ಸ್ ಬಿಡ್ತೀನಿ" ಅಂದಳು.

"ಯಾಕಮ್ಮ?"

"ಫಿಸಿಕ್ಸ್ ಸಾರ್ ಏನ್ ಹೇಳ್ತಾರೆ ಒಂದೂ ಗೊತ್ತಾಗಲ್ಲ. ಬೇಗ ಬೇಗ ಹೇಳ್ತಾರೆ, ಬೋರ್ಡ್ ಅಳಿಸ್ತಾರೆ, ಹೋಗ್ತಾರೆ."

"ಕೇಳ್ಬೇಕು ಕಣೇ. ಇನ್ನೊಂದ್ ಸಲ ಹೇಳಿ ಸಾರ್ ಅಂದ್ರೆ ಹೇಳಲ್ವಾ?"

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಾದರೂ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಕೇಳಿದ್ರೆ ಮೇಷ್ಟ್ರಿಗೆ ಕೆಟ್ಟ ಹೆಸ್ರು ಬರುತ್ತೆ ಅಲ್ವಾ ತಾತ? ನಾವು ಕೇಳಿ ಕೇಳಿನೇ ಅಲ್ವಾ ಮಿಸ್ ಕೆಲ್ಸ ಹೋಗಿದ್ದು?"

ಇಷ್ಟು ವರ್ಷ ಆ ಮಕ್ಕಳು ಹಾಗೆಂದು ನಂಬಿಕೊಂಡಿದ್ದವು. ತಮ್ಮ ಬಾಯಿಂದಲೇ ಮಿಸ್ಸು ಹೋದರು ಎಂದು. ಸಮಿತಿಯಲ್ಲಿ ನಾನು ಆಡಿದ ಮಾತು ಮನೆಮನೆಗೂ ಹೋಗಿ, ಮಕ್ಕಳ ತಲೆಯ ಮೇಲೆ ಹೋಗಿ ಕೂತಿತ್ತು.

"ಅವ್ರು ಪಾಠ ಓದೋದು ಸರಿ ಇರ್ಲಿಲ್ಲ ಕಣೇ, ಎಷ್ಟು ಬೇಗ ಓದೋರು" ಎಂದು ತೊದಲಿದೆ. ಆಗಲೂ ನನ್ನನ್ನು ಉಳಿಸಿಕೊಳ್ಳಲು ನೋಡಿದೆ.

"ಬೇಕಂತ ಓದೋರು ತಾತ. ನಾವು ತಡೀಲಿ ಅಂತ. ಮುಂದೆ ದೊಡ್ಡ ಕಾಲೇಜಲ್ಲಿ ಎಲ್ರೂ ಹಿಂಗೇ ಬೇಗ ಹೇಳ್ತಾರೆ, ಈಗ್ಲೇ ನಿಲ್ಸೋದು ಕಲೀರಿ ಅನ್ನೋರು. ನೀನು ಬಂದಿದ್ಯಲ್ಲ, ಅವತ್ತು ತುಂಬಾ ಜನ ಕೈ ಎತ್ತಿದ್ರು ಅಂತ ಮಿಸ್ಗೆ ಎಷ್ಟು ಖುಷಿ ಆಗಿತ್ತು ಗೊತ್ತಾ? ಅಧ್ಯಕ್ಷರ ಮುಂದೇನೂ ಹೆದರ್ಲಿಲ್ಲ ನೀವು ಅಂದ್ರು."

ನಾನು ತಪ್ಪು ಎಂದು ತೋರಿಸಿದ್ದೇ ಅವರ ಪಾಠವಾಗಿತ್ತು. ಮಾರನೇ ಬೆಳಗ್ಗೆ ಮೊಮ್ಮಗಳನ್ನು ಕೂರಿಸಿಕೊಂಡು, ಮಿಸ್ಸು ಹೋದದ್ದು ನಿಮ್ಮಿಂದ ಅಲ್ಲ, ನನ್ನಿಂದ ಎಂದು ಹೇಳಿದೆ. ಎಮ್ಮೆ ಕಿವಿಯಿಂದ ಹಿಡಿದು ಟೀ ಅಂಗಡಿಯವರೆಗೂ ಹೇಳಿದೆ. ಅವಳು ಪೂರ್ತಿ ಕೇಳಿ, "ಮಿಸ್ಗೆ ಹೇಳ್ದಾ?" ಅಂದಳು. ಇಲ್ಲ ಅಂದೆ.

ಅವಳು ಸೈನ್ಸ್ ಬಿಡಲಿಲ್ಲ. ಮುಂದಿನ ಸಲ ಬಂದಾಗ ಹೇಳಿದಳು. ಮೊದಲ ದಿನ ಕೇಳಿದಾಗ ಸಾರ್ ಮುಖ ಗಂಟಿಕ್ಕಿಕೊಂಡು, "ವೇರ್ ಎಕ್ಸಾಕ್ಟ್ಲಿ?" ಅಂದರಂತೆ. ಇವಳು ಇಲ್ಲಿವರೆಗೂ ಗೊತ್ತಾಯ್ತು ಸಾರ್, ಈ ಸಾಲಿಂದ ಗೊತ್ತಾಗ್ಲಿಲ್ಲ ಎಂದು ಬೋರ್ಡಿನಲ್ಲಿ ತೋರಿಸಿದಳಂತೆ. ಸಾರ್ ಆ ಸಾಲಿನಿಂದ ಮತ್ತೆ ಶುರು ಮಾಡಿದರಂತೆ. ಈಗ ಹಿಂದಿನ ಬೆಂಚಿನ ಹುಡುಗಿಯರು ತಮಗೆ ತಿಳಿಯದ್ದನ್ನು ಇವಳ ಬೆನ್ನು ತಿವಿದು ಕೇಳಿಸುತ್ತಾರಂತೆ.

ಅವಳನ್ನು ಹಾಸ್ಟೆಲ್ಲಿಗೆ ಬಿಡಲು ಹೋದಾಗಲೇ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಮಿಸ್ಸನ್ನು ಕಂಡೆ. ಮೊಮ್ಮಗಳನ್ನು ಬಿಟ್ಟು ಒಬ್ಬನೇ ವಾಪಸು ಬಂದಿದ್ದೆ. ಗುಬ್ಬಿ ಬಸ್ಸಿನ ಕಿಟಕಿಯಲ್ಲಿ ಕೂತಿದ್ದರು, ಮಡಿಲಲ್ಲಿ ಬಟ್ಟೆ ಅಂಗಡಿಯ ಚೀಲ. ಆ ವರ್ಷದ ನಂತರ ಅವರು ಪರೀಕ್ಷೆಗೆ ಓದುವುದು ನಿಂತಿತೆಂದೂ, ಸಂಸಾರ ಗುಬ್ಬಿಗೆ ಹೋದಮೇಲೆ ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕೆ ಸೇರಿದ್ದಾರೆಂದೂ ನಿವೃತ್ತರಾದ ಹೆಡ್‌ಮೇಷ್ಟ್ರು ಯಾವಾಗಲೋ ಹೇಳಿದ್ದರು. ಬಸ್ಸಿನ ಇಂಜಿನ್ನು ಶುರುವಾಗಿತ್ತು. ನಾನು ಕಿಟಕಿಯ ಕೆಳಗೆ ಹೋಗಿ ನಿಂತೆ. ಅವರಿಗೆ ಗುರುತು ಸಿಕ್ಕಿತು. ಮುಖ ತಿರುಗಿಸಲಿಲ್ಲ. ಕಿಟಕಿಯ ಸರಳು ಹಿಡಿದು ಬಗ್ಗಿ ಏನೋ ಕೇಳಿದರು. ಪ್ರಶ್ನೆ ಎಂದು ಮುಖದಿಂದ ಗೊತ್ತಾಯಿತು. ಪಕ್ಕದ ಬಸ್ಸಿನ ಹಾರನ್ನು, ಕಂಡಕ್ಟರನ ಸೀಟಿ, ಇಂಜಿನ್ನಿನ ಸದ್ದು. ಒಂದು ಪದವೂ ನನಗೆ ಸಿಗಲಿಲ್ಲ. ಮೊಮ್ಮಗಳು ಹೇಗಿದ್ದಾಳೆ ಎಂದಿರಬಹುದು. ಅವತ್ತು ಯಾಕೆ ಹಾಗೆ ಮಾಡಿದಿರಿ ಎಂದಿರಬಹುದು.

ಕೇಳಬೇಕಾಗಿದ್ದದ್ದು ಮೂರೇ ಪದ. ಇನ್ನೊಂದು ಸಲ ಹೇಳಿ. ಅದನ್ನಂದರೆ ಅವರು ಹೇಳುತ್ತಿದ್ದರು. ಹಾಗೆ ಕೇಳಿದವರಿಗೆ ಅವರು ಯಾವತ್ತೂ ಇಲ್ಲ ಅಂದವರಲ್ಲ. ಅದರ ಹಿಂದೆಯೇ ನನ್ನ ಮಾತೂ ಹೊರಗೆ ಬರುತ್ತಿತ್ತೇನೋ. ನಾನು ತಲೆ ಆಡಿಸಿದೆ. "ಹೂಂ, ಹೂಂ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ತಿಳಿಯದಾಗ ನನ್ನ ಮುಖ ಹೇಗಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಇನ್ನೊಮ್ಮೆ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು.

ಆಮೇಲೆ ಗುಬ್ಬಿಗೆ ಹೋಗಬೇಕೆಂದು ಎಷ್ಟೋ ದಿನ ಬೆಳಗ್ಗೆ ಹೊರಟಿದ್ದೇನೆ. ಕುಣಿಗಲ್‌ವರೆಗೆ ಹೋಗಿ ಟೀ ಕುಡಿದು ವಾಪಸು ಬಂದಿದ್ದೇನೆ. ಮಿಸ್ಗೆ ಹೇಳ್ದಾ ಎಂದು ಮೊಮ್ಮಗಳು ಈಗ ಕೇಳುವುದನ್ನೂ ಬಿಟ್ಟಿದ್ದಾಳೆ. ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಆದರೆ ನಾನು ಕ್ಷಮೆ ಕೇಳಬೇಕಾಗಿದ್ದವರು ಯಾರು ಎಂದು ಹೇಳದೆ ನಿಲ್ಲಿಸಬಾರದು: ಕಡಬದಲ್ಲಿ ಹುಟ್ಟಿ, ಕುಣಿಗಲ್ ಬಸ್ಸಿನಲ್ಲಿ ದಿನಾ ನಮ್ಮೂರಿಗೆ ಬಂದು ಇಳಿಯುತ್ತಿದ್ದ, ಆರನೇ ಕ್ಲಾಸಿನ ನಮ್ಮ ಇಂಗ್ಲಿಷ್ ಮಿಸ್ಸು.